ಎರಡು ಗಡಿಯಾರಗಳು

ಬಾಯಾರಿಕೆಯಾಗುತ್ತದೆ, ನೀರು ಕುಡಿಯಬೇಕೆಂದು ಮನಸ್ಸು ಬಯಸುತ್ತದೆ, ಕೈ ಲೋಟದ ಕಡೆಗೆ ಚಾಚಿಕೊಳ್ಳುತ್ತದೆ. ಇದಕ್ಕಿಂತ ಸಾಮಾನ್ಯವಾದ ಸಂಗತಿ ಯಾವುದಿದೆ? ಆದರೆ ಬಯಕೆಗೆ ತೂಕವಿಲ್ಲ, ಉದ್ದಗಲಗಳಿಲ್ಲ. ಕೈಗೆ ಅವೆಲ್ಲವೂ ಇವೆ. ತೂಕವಿಲ್ಲದ್ದು ತೂಕವುಳ್ಳದ್ದನ್ನು ಅಲುಗಿಸುವುದು ಹೇಗೆ? ಹದಿನೇಳನೆಯ ಶತಮಾನದ ಯೂರೋಪಿನ ವಿಚಾರವಂತರನ್ನು ಕಾಡಿದ ಈ ಪ್ರಶ್ನೆಗೆ ಲೈಬ್ನಿಟ್ಸ್ ಎಂಬ ಜರ್ಮನ್ ದಾರ್ಶನಿಕ ಕೊಟ್ಟ ವಿಚಿತ್ರವಾದ ಉತ್ತರವನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಕಥೆ ಆರಂಭವಾಗುವುದು ಅವನಿಗಿಂತ ಮೊದಲು. ಫ್ರಾನ್ಸಿನ ದೇಕಾರ್ತ್ ಜಗತ್ತನ್ನು ಎರಡು ಬಗೆಯ ದ್ರವ್ಯಗಳಾಗಿ ಸೀಳಿದ್ದ. ಒಂದರ ಸ್ವಭಾವ ಚಿಂತನೆ, ಇನ್ನೊಂದರ ಸ್ವಭಾವ ವ್ಯಾಪ್ತಿ. 1643ರ ಮೇ ತಿಂಗಳಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಅವನಿಗೊಂದು ಕಾಗದ ಬರೆದಳು. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ರಾಜ್ಯ ಕಳೆದುಕೊಂಡ ಮನೆತನದೊಡನೆ ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದಳು. ಒಂದು ವಸ್ತುವನ್ನು ತಳ್ಳಬೇಕಾದರೆ ಅದನ್ನು ಮುಟ್ಟಬೇಕು. ಮುಟ್ಟಬೇಕಾದರೆ ಮೈ ಬೇಕು. ಮೈಯಿಲ್ಲದ ಆತ್ಮ ದೇಹವನ್ನು ತಳ್ಳುವ ಬಗೆ ಎಂತು ಎಂಬುದು ಅವಳ ಸಂದೇಹ. ದೇಕಾರ್ತ್ ಹಲವು ರೀತಿಯಲ್ಲಿ ಸಮಾಧಾನ ಹೇಳಿದ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ.

ದೇಕಾರ್ತನ ಅನುಯಾಯಿಗಳಿಗೆ ಒಂದು ಸಂದು ಕಾಣಿಸಿತು. ಜಗತ್ತಿನಲ್ಲಿರುವ ಚಲನೆಯ ಮೊತ್ತ ಎಂದೂ ಬದಲಾಗದೆಂದು ಅವನು ಹೇಳಿದ್ದ. ಮೊತ್ತವೆಂದರೆ ಪ್ರತಿಯೊಂದು ವಸ್ತುವಿನ ಗಾತ್ರವನ್ನು ಅದರ ವೇಗದಿಂದ ಗುಣಿಸಿ, ಎಲ್ಲವನ್ನೂ ಕೂಡಿದಾಗ ಬರುವುದು. ಈ ಲೆಕ್ಕದಲ್ಲಿ ದಿಕ್ಕಿಗೆ ಸ್ಥಾನವಿಲ್ಲ. ಹಾಗಾದರೆ ಆತ್ಮ ಹೊಸ ಚಲನೆಯನ್ನು ಹುಟ್ಟಿಸದೆ, ಇರುವ ಚಲನೆಯ ದಿಕ್ಕನ್ನು ಮಾತ್ರ ತಿರುಗಿಸಬಹುದಲ್ಲ! ಸವಾರನು ಕುದುರೆಗೆ ಬಲ ಕೊಡುವುದಿಲ್ಲ, ಲಗಾಮನ್ನು ಎಳೆಯುತ್ತಾನೆ. ದೇಕಾರ್ತನೇ ಹೀಗೆ ಸ್ಪಷ್ಟವಾಗಿ ಬರೆದಿದ್ದನೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಲೈಬ್ನಿಟ್ಸ್ ಅವನ ಅಭಿಪ್ರಾಯವನ್ನು ಹೀಗೆಯೇ ಗ್ರಹಿಸಿದ.

ಗ್ರಹಿಸಿ, ಆ ಸಂದನ್ನು ಮುಚ್ಚಿದ. ಸಮಗಾತ್ರದ ಎರಡು ಗುಂಡುಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ, ಎರಡೂ 4ರ ವೇಗದಲ್ಲಿ ಸಾಗುತ್ತಿವೆ. ದೇಕಾರ್ತನ ಲೆಕ್ಕಕ್ಕೆ ಮೊತ್ತ 8. ಆತ್ಮವು ಮೊದಲನೆಯ ಗುಂಡನ್ನು ದಕ್ಷಿಣಕ್ಕೆ ತಿರುಗಿಸಿದರೂ ಮೊತ್ತ 8 ಆಗಿಯೇ ಉಳಿಯುತ್ತದೆ, ನಿಯಮಕ್ಕೆ ಭಂಗವಿಲ್ಲ. ಆದರೆ ದಿಕ್ಕನ್ನೂ ಲೆಕ್ಕಕ್ಕೆ ಹಿಡಿದು ನೋಡಿ. ಮೊದಲು ಪೂರ್ವದ 4 ಪಶ್ಚಿಮದ 4ನ್ನು ಹೊಡೆದುಹಾಕಿ ಒಟ್ಟು ಮುನ್ನಡೆ ಸೊನ್ನೆಯಾಗಿತ್ತು. ಈಗ ಪಶ್ಚಿಮಕ್ಕೆ 4, ದಕ್ಷಿಣಕ್ಕೆ 4 ಉಳಿದುಕೊಂಡಿತು. ನಿಸರ್ಗದಲ್ಲಿ ಈ ಮುನ್ನಡೆಯೂ ಬದಲಾಗದು ಎಂಬುದು ಲೈಬ್ನಿಟ್ಸನ ವಾದ. ಮುಂದಿನ ಭೌತವಿಜ್ಞಾನ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಲಗಾಮು ಎಳೆಯುವುದಕ್ಕೂ ಬೆಲೆ ತೆರಬೇಕು. ಆ ಬೆಲೆ ಆತ್ಮದ ಬಳಿ ಇಲ್ಲ. ಈ ನಿಯಮವನ್ನು ದೇಕಾರ್ತ್ ಅರಿತಿದ್ದರೆ ತನ್ನ ಸಿದ್ಧಾಂತಕ್ಕೇ ಬಂದು ಸೇರುತ್ತಿದ್ದನೆಂದು ಲೈಬ್ನಿಟ್ಸ್ 1714ರಲ್ಲಿ ಬರೆದ ‘ಮೊನಾಡಾಲಜಿ’ ಎಂಬ ಪುಟ್ಟ ಗ್ರಂಥದಲ್ಲಿ ಹೇಳುತ್ತಾನೆ.

ಆ ಸಿದ್ಧಾಂತವೇನು? 1695ರಲ್ಲಿ ಅದನ್ನು ಪ್ರಕಟಿಸಿದಾಗ ಓದಿದವರಿಗೆ ಗೊಂದಲವಾಯಿತು. ಮರುವರ್ಷ ಅವನು ಒಂದು ದೃಷ್ಟಾಂತ ಕೊಟ್ಟ. ಎರಡು ಗಡಿಯಾರಗಳು ಸದಾ ಒಂದೇ ಹೊತ್ತನ್ನು ತೋರಿಸುತ್ತಿವೆಯೆಂದು ಇಟ್ಟುಕೊಳ್ಳಿ. ಇದಕ್ಕೆ ಮೂರೇ ಕಾರಣಗಳು ಸಾಧ್ಯ. ಒಂದು, ಅವು ಪರಸ್ಪರ ಪ್ರಭಾವ ಬೀರುತ್ತಿರಬೇಕು. ಎರಡು, ಕುಶಲಿಯಾದ ಕೆಲಸಗಾರನೊಬ್ಬ ಪಕ್ಕದಲ್ಲೇ ನಿಂತು ಕ್ಷಣಕ್ಷಣವೂ ಅವನ್ನು ಸರಿಹೊಂದಿಸುತ್ತಿರಬೇಕು. ಮೂರು, ಎಂದೂ ತಪ್ಪದಂತೆ ಅವನ್ನು ಮೊದಲೇ ಅಷ್ಟು ನಿಖರವಾಗಿ ಮಾಡಿರಬೇಕು.

ಮೊದಲನೆಯದು ಬರಿಯ ಕಲ್ಪನೆಯಲ್ಲ. ಲೈಬ್ನಿಟ್ಸನಿಗೆ ಪ್ಯಾರಿಸಿನಲ್ಲಿ ಗಣಿತದ ದಾರಿ ತೋರಿಸಿದ ಹಾಯ್ಗೆನ್ಸ್, 1665ರ ಫೆಬ್ರವರಿಯಲ್ಲಿ ಕಾಯಿಲೆಯಿಂದ ಮಲಗಿದ್ದಾಗ, ಒಂದೇ ತೊಲೆಗೆ ತೂಗುಹಾಕಿದ್ದ ತನ್ನ ಎರಡು ಲೋಲಕದ ಗಡಿಯಾರಗಳನ್ನು ನೋಡುತ್ತಿದ್ದ. ಬೇಕೆಂದೇ ಅವುಗಳ ಲಯ ಕೆಡಿಸಿದರೂ ಸುಮಾರು ಅರ್ಧ ಗಂಟೆಯಲ್ಲಿ ಅವು ಮತ್ತೆ ಹೊಂದಿಕೊಳ್ಳುತ್ತಿದ್ದವು. ಒಂದರ ಲೋಲಕ ಬಲಕ್ಕೆ ಹೋದಾಗ ಇನ್ನೊಂದರದು ಎಡಕ್ಕೆ. ಗಾಳಿಯ ಪ್ರಭಾವವೆಂದು ಮೊದಲು ಶಂಕಿಸಿದ. ಕಣ್ಣಿಗೆ ಕಾಣದ ತೊಲೆಯ ನಡುಕವೇ ಕಾರಣವೆಂದು ಆಮೇಲೆ ಕಂಡುಕೊಂಡ. ಆದರೆ ಮನಸ್ಸಿಗೂ ದೇಹಕ್ಕೂ ನಡುವೆ ಅಂಥ ತೊಲೆ ಎಲ್ಲಿದೆ? ಅದು ಮೂರ್ತವಾದರೆ ದೇಹದ ಕಡೆ ಸೇರಿತು, ಅಮೂರ್ತವಾದರೆ ಮನಸ್ಸಿನ ಕಡೆ. ಎರಡನೆಯ ದಾರಿ ಮಾಲ್‌ಬ್ರಾಂಶ್ ಮೊದಲಾದವರದು: ನಾನು ಬಯಸಿದಾಗ ದೇವರೇ ಕೈ ಎತ್ತುತ್ತಾನೆ. ದಿನನಿತ್ಯದ ಕೆಲಸಕ್ಕೆಲ್ಲ ಪವಾಡವನ್ನು ಕರೆಯುವುದು ಲೈಬ್ನಿಟ್ಸನಿಗೆ ಒಪ್ಪಿಗೆಯಾಗಲಿಲ್ಲ. ಉಳಿದದ್ದು ಮೂರನೆಯದು: ‘ಪೂರ್ವಸ್ಥಾಪಿತ ಸಾಮರಸ್ಯ’.

ಇದರ ಅಡಿಗಲ್ಲು ‘ಮೊನಾಡ್’. ಚಿದಣು ಎಂದು ಕರೆಯೋಣ. ಆದರೆ ಇದನ್ನು ವೈಶೇಷಿಕರ ಪರಮಾಣುವೆಂದು ತಿಳಿಯಬಾರದು. ಪರಮಾಣು ಜಡ, ಮೊನಾಡಿಗೆ ಇರುವುದು ಗ್ರಹಿಕೆ, ಮತ್ತು ಒಂದು ಗ್ರಹಿಕೆಯಿಂದ ಇನ್ನೊಂದಕ್ಕೆ ಸಾಗುವ ತುಡಿತ. ಅದಕ್ಕೆ ಭಾಗಗಳಿಲ್ಲ. ಭಾಗಗಳಿಲ್ಲದ್ದರಲ್ಲಿ ಹೊರಗಿನಿಂದ ಏನನ್ನೂ ಸೇರಿಸಲಾಗದು, ಸ್ಥಾನಪಲ್ಲಟ ಮಾಡಲಾಗದು. ಆದ್ದರಿಂದ ಮೊನಾಡಿಗೆ ಕಿಟಕಿಗಳಿಲ್ಲ ಎನ್ನುತ್ತಾನೆ. ಅದರಲ್ಲಾಗುವ ಪ್ರತಿಯೊಂದು ಬದಲಾವಣೆಯೂ ಅದರ ಒಳಗಿನಿಂದಲೇ ಬರಬೇಕು. ನಮ್ಮ ಆತ್ಮ ಅಂಥ ಒಂದು ಮೊನಾಡ್. ದೇಹ ಅಸಂಖ್ಯ ಮೊನಾಡುಗಳ ಸಮೂಹ. ಪ್ರತಿಯೊಂದೂ ತನ್ನ ನೆಲೆಯಿಂದ ಇಡೀ ವಿಶ್ವವನ್ನು ಪ್ರತಿಬಿಂಬಿಸುವಂತೆ ಸೃಷ್ಟಿಯಾಗಿರುವುದರಿಂದ, ಯಾವುದೂ ಯಾವುದನ್ನೂ ಮುಟ್ಟದೆ ಎಲ್ಲವೂ ಹೊಂದಿಕೊಂಡು ನಡೆಯುತ್ತವೆ.

ಈ ಮಾತಿಗೆ ತೀಕ್ಷ್ಣವಾದ ಪರೀಕ್ಷೆಯೊಡ್ಡಿದವನು ಪಿಯೇರ್ ಬೇಯ್ಲ್. 1697ರಲ್ಲಿ ಹೊರಬಂದ ತನ್ನ ಪ್ರಸಿದ್ಧ ಕೋಶದಲ್ಲಿ. ಹಸಿದ ನಾಯಿಯೊಂದು ಸಂತೋಷದಿಂದ ರೊಟ್ಟಿ ತಿನ್ನುತ್ತಿದೆ. ಯಾರೋ ಕೋಲಿನಿಂದ ಹೊಡೆಯುತ್ತಾರೆ. ಸುಖ ಮಾಯವಾಗಿ ನೋವು ಬರುತ್ತದೆ. ದೇಹಕ್ಕೆ ಕೋಲು ತಗುಲಿತು, ಸರಿ. ಆದರೆ ಕಿಟಕಿಯಿಲ್ಲದ ಆತ್ಮಕ್ಕೆ ಕೋಲು ತಗುಲಿಲ್ಲವಲ್ಲ! ಸುಖದಲ್ಲಿ ಮುಳುಗಿದ್ದ ಅದು ತನ್ನ ಒಳಗಿನಿಂದಲೇ ನೋವಿಗೆ ಏಕೆ ಹೊರಳಬೇಕು?

1698ರಲ್ಲಿ ಲೈಬ್ನಿಟ್ಸ್ ಉತ್ತರಿಸಿದ. ಆತ್ಮದಲ್ಲಿದ್ದುದು ಸುಖವೊಂದೇ ಎಂದು ಭಾವಿಸಿದ್ದೇ ತಪ್ಪು. ನಾಯಿಯ ಹಿಂದೆ ನಿಂತು ಕೋಲೆತ್ತಲು ಸಿದ್ಧನಾಗುತ್ತಿದ್ದವನ ಚಲನೆಯೂ ಅದರ ಆತ್ಮದಲ್ಲಿ ಮೊದಲೇ ಮಸುಕಾಗಿ ಚಿತ್ರಿತವಾಗಿತ್ತು; ಅಷ್ಟು ಕ್ಷೀಣವಾಗಿ ಇದ್ದುದರಿಂದ ನಾಯಿಗೆ ಅದರ ಅರಿವಾಗಲಿಲ್ಲ. ಆ ಸೂಕ್ಷ್ಮ ಗ್ರಹಿಕೆಗಳೇ ಕೂಡಿ ಬೆಳೆದು ನೋವಾದವು. ಸಮುದ್ರದ ಮೊರೆತವನ್ನು ಕೇಳುವಾಗ ಒಂದೊಂದು ಅಲೆಯ ಸದ್ದೂ ನಮ್ಮನ್ನು ಮುಟ್ಟಿರಲೇಬೇಕು, ಆದರೂ ಯಾವುದೂ ಬಿಡಿಯಾಗಿ ತಿಳಿಯದು ಎಂದು ಅವನು ಬೇರೆಡೆ ವಿವರಿಸುತ್ತಾನೆ. ಅರಿವಿಗೆ ಬಾರದ ಮನೋವ್ಯಾಪಾರ ಉಂಟೆಂಬ ವಿಚಾರ ಹೀಗೆ ಒಂದು ಆಕ್ಷೇಪಣೆಯ ಒತ್ತಡದಲ್ಲಿ ಹರಿತವಾಯಿತು.

ಆದರೂ ಬೇಯ್ಲನಿಗೆ ತೃಪ್ತಿಯಾಗಲಿಲ್ಲ; ನನಗೂ ಆಗಿಲ್ಲ. ಮೂರು ದಾರಿಗಳಲ್ಲಿ ಯಾವುದು ನಿಜವೆಂದು ಹೊರಗಿನಿಂದ ಪರೀಕ್ಷಿಸಿ ಹೇಳುವಂತಿಲ್ಲ. ಮೂರರಲ್ಲಿಯೂ ಗಡಿಯಾರದ ಮುಳ್ಳುಗಳು ಒಂದೇ ಹೊತ್ತನ್ನು ತೋರಿಸುತ್ತವೆ. ಇನ್ನು, ನನ್ನ ಮುಂದಿನ ಬಯಕೆಯೆಲ್ಲ ನನ್ನೊಳಗೆ ಮೊದಲೇ ಸುರುಳಿಯಾಗಿ ಸುತ್ತಿಕೊಂಡಿದ್ದರೆ, ಬಯಸುವವನು ನಾನೆನ್ನುವುದು ಹೇಗೆ? ಕಾರಣಗಳು ಆತ್ಮವನ್ನು ಒಲಿಸುತ್ತವೆಯೇ ಹೊರತು ಕಟ್ಟಿಹಾಕುವುದಿಲ್ಲವೆಂದು ಅವನು ಸಮಾಧಾನ ಹೇಳಿದ. ಹೊರಗಿನದಾವುದೂ ನನ್ನನ್ನು ಬಲವಂತಪಡಿಸದು ಎಂಬುದೂ ಒಂದು ಬಗೆಯ ಸ್ವಾತಂತ್ರ್ಯವೇ. ಆದರೆ ಅದಕ್ಕೆ ತೆತ್ತ ಬೆಲೆ ಹೆಚ್ಚು: ನಾನು ಮಗುವಿನ ತಲೆ ನೇವರಿಸಿದಾಗ ಆ ಸ್ಪರ್ಶ ಮಗುವಿನ ಮನಸ್ಸನ್ನು ತಲುಪುವುದೇ ಇಲ್ಲ, ನನ್ನ ಅಕ್ಕರೆಯೂ ಅದರ ನಗುವೂ ಎರಡು ಗಡಿಯಾರಗಳು ಒಟ್ಟಿಗೆ ಬಾರಿಸಿದಂತೆ, ಅಷ್ಟೆ.

ಲೈಬ್ನಿಟ್ಸ್ 1716ರಲ್ಲಿ ತೀರಿಕೊಂಡ. ಅವನ ಉತ್ತರವನ್ನು ಹಾಗೆಯೇ ಒಪ್ಪುವವರು ಇಂದು ವಿರಳ. ಆದರೆ ದೈಹಿಕ ಘಟನೆಗಳ ಸರಪಳಿಯಲ್ಲಿ ಮನಸ್ಸು ನುಸುಳಲು ಒಂದು ಕೊಂಡಿಯ ಸಂದೂ ಇಲ್ಲವೆಂದು ಅವನು ತೋರಿಸಿದ್ದನ್ನು, ಮಿದುಳನ್ನು ಅಭ್ಯಸಿಸುವವರು ಈಗಲೂ ಎದುರಿಸಲೇಬೇಕಾಗಿದೆ. ಎಲಿಜಬೆತ್ ಕೇಳಿದ ಪ್ರಶ್ನೆ ಇನ್ನೂ ಮುಗಿದಿಲ್ಲ. ಈ ಮಾತುಗಳನ್ನಾಡುತ್ತ ನನಗೆ ಬಾಯಾರಿದೆ. ಕೈ ಆಗಲೇ ಲೋಟದ ಕಡೆಗೆ ಹೊರಟಿದೆ.

(ಬಾನುಲಿ ಭಾಷಣ)