ತಾಳಿಕೆ, ತುಡಿತ, ಮರುಕಳಿಕೆ: ಹೆರಾಯಿನ್ ವ್ಯಸನ ಮತ್ತು ಮಿದುಳಿನ ಪ್ರತಿಫಲ ಪಥ

ಮಾದಕ ವ್ಯಸನದ ನರವಿಜ್ಞಾನ ಸುಖವನ್ನು ಕುರಿತ ಪ್ರಶ್ನೆಯೊಂದಿಗೆ ಆರಂಭವಾಗಿ, ಕ್ರಮೇಣ ಕಲಿಕೆ ಮತ್ತು ನೆನಪನ್ನು ಕುರಿತ ಪ್ರಶ್ನೆಯಾಗಿ ಬೆಳೆದಿದೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಆಳಕ್ಕೆ ಸೂಕ್ಷ್ಮ ತಂತಿಗಳನ್ನು ಇಳಿಸಿ, ಸನ್ನೆಯೊಂದನ್ನು ಒತ್ತಿದಾಗಲೆಲ್ಲ ಅಲ್ಲಿಗೆ ಅಲ್ಪ ವಿದ್ಯುತ್ ಹರಿಯುವಂತೆ ಮಾಡಿದರು. ಕೆಲವು ನಿರ್ದಿಷ್ಟ ಜಾಗಗಳಲ್ಲಿ ತಂತಿ ಕೂತಿದ್ದ ಇಲಿಗಳು ಆ ಸನ್ನೆಯನ್ನು ಬಿಡುವಿಲ್ಲದೆ ಒತ್ತತೊಡಗಿದವು. ಮುಂದಿನ ವರ್ಷಗಳ ಸಂಶೋಧನೆ, ನಡುಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶದಿಂದ ಹೊರಟು ಮುಂಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ನರಕೋಶಗಳ ಗುಚ್ಛವನ್ನು ಸೇರುವ ಹಾದಿಯನ್ನು ಗುರುತಿಸಿತು. ಡೋಪಮಿನ್ ಎಂಬ ರಾಸಾಯನಿಕದ ಮೂಲಕ ಸಂಕೇತ ಸಾಗಿಸುವ ಈ ಹಾದಿಗೆ ಪ್ರತಿಫಲ ಪಥ ಎಂಬ ಹೆಸರು ನಿಂತಿತು. ಅಫೀಮು ವರ್ಗದ ಮಾದಕಗಳು, ಕೊಕೇನ್, ಮದ್ಯ ಮತ್ತು ನಿಕೋಟಿನ್ ಬೇರೆಬೇರೆ ಬಾಗಿಲುಗಳಿಂದ ಒಳಹೊಕ್ಕರೂ ಅಕ್ಯುಂಬೆನ್ಸ್‌ನಲ್ಲಿ ಡೋಪಮಿನ್ ಪ್ರಮಾಣವನ್ನು ಏರಿಸುತ್ತವೆ ಎಂಬುದನ್ನು ಇಟಲಿಯ ಡಿ ಕಿಯಾರಾ ಮತ್ತು ಇಂಪೆರಾಟೊ 1988ರಲ್ಲಿ ಇಲಿಗಳಲ್ಲಿ ಅಳೆದು ತೋರಿಸಿದರು.

ಆದರೆ ಡೋಪಮಿನ್ ಎಂದರೆ ಸುಖ ಎಂಬ ಸರಳ ಸಮೀಕರಣ ಹೆಚ್ಚು ಕಾಲ ಬಾಳಲಿಲ್ಲ. ಡೋಪಮಿನ್ ನರತಂತುಗಳನ್ನು ಬಹುಪಾಲು ನಾಶಪಡಿಸಿದ ಇಲಿಗಳು ಆಹಾರವನ್ನು ಅರಸುವುದನ್ನೇ ಬಿಟ್ಟರೂ, ನಾಲಿಗೆಯ ಮೇಲೆ ಸಕ್ಕರೆ ನೀರು ಬಿದ್ದಾಗ ಎಂದಿನಂತೆ ಅದನ್ನು ಸವಿಯುವ ಮುಖಚರ್ಯೆ ತೋರುತ್ತವೆ ಎಂದು ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಕಂಡುಕೊಂಡರು. ಇಷ್ಟಪಡುವುದು ಬೇರೆ, ಬಯಸುವುದು ಬೇರೆ; ಡೋಪಮಿನ್ ಮುಖ್ಯವಾಗಿ ಎರಡನೆಯದರ ಸಾಧನ ಎಂಬುದು 1993ರಲ್ಲಿ ಅವರು ಮಂಡಿಸಿದ ಸಿದ್ಧಾಂತದ ತಿರುಳು. ವೊಲ್ಫ್ರಾಮ್ ಶುಲ್ಟ್ಸ್ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸಿದವು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಮಿಡಿಯುತ್ತಿದ್ದ ಡೋಪಮಿನ್ ಕೋಶಗಳು, ರಸಕ್ಕೆ ಮುಂಚೆ ಒಂದು ಸೂಚನೆ ಬರುತ್ತದೆಂದು ಕೋತಿ ಕಲಿತ ಬಳಿಕ ಆ ಸೂಚನೆಗೇ ಮಿಡಿಯತೊಡಗಿದವು. ಸೂಚನೆ ಬಂದೂ ರಸ ಬಾರದಿದ್ದರೆ, ಅದು ಬರಬೇಕಾಗಿದ್ದ ಕ್ಷಣದಲ್ಲಿ ಅವುಗಳ ಚಟುವಟಿಕೆ ಕುಸಿಯಿತು. ಪ್ರತಿಫಲ ಪಥವು ನಿರೀಕ್ಷೆಯನ್ನೂ ಫಲವನ್ನೂ ತಾಳೆ ನೋಡುವ ವ್ಯವಸ್ಥೆ ಎಂಬ ಈ ತಿಳಿವು ವ್ಯಸನದ ಮೂರು ಲಕ್ಷಣಗಳ ಮೇಲೂ ಹೊಸ ಬೆಳಕು ಚೆಲ್ಲುತ್ತದೆ.

ಮೊದಲನೆಯದು ತಾಳಿಕೆ, ಅಂದರೆ ಅದೇ ಪರಿಣಾಮಕ್ಕಾಗಿ ದಿನೇದಿನೇ ಹೆಚ್ಚು ಪ್ರಮಾಣ ಬೇಕಾಗುವ ಸ್ಥಿತಿ. ಹೆರಾಯಿನ್ ದೇಹದಲ್ಲಿ ಮಾರ್ಫಿನ್ ಆಗಿ ಮಾರ್ಪಟ್ಟು, ಡೋಪಮಿನ್ ಕೋಶಗಳನ್ನು ಹತೋಟಿಯಲ್ಲಿಡುವ ನೆರೆಯ ಕೋಶಗಳ ಮೇಲಿನ ಗ್ರಾಹಕಗಳಿಗೆ, ಎಂದರೆ ರಾಸಾಯನಿಕವನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿಗೆ, ಅಂಟಿಕೊಂಡು ಆ ಹತೋಟಿಯನ್ನು ಸಡಿಲಿಸುತ್ತದೆ. ಈ ಗ್ರಾಹಕಗಳು ಪದೇಪದೇ ಪ್ರಚೋದನೆಗೊಂಡಾಗ ಮಂಕಾಗುತ್ತವೆ. ಜೊತೆಗೆ, ಮಾರ್ಫಿನ್ ತಗ್ಗಿಸಿದ ಆಂತರಿಕ ಸಂಕೇತ ರಾಸಾಯನಿಕವನ್ನು ಕೋಶವು ಹೆಚ್ಚು ತಯಾರಿಸಿ ಸರಿದೂಗಿಸಿಕೊಳ್ಳುತ್ತದೆ ಎಂಬುದನ್ನು ಶರ್ಮಾ, ಕ್ಲೀ ಮತ್ತು ನೀರೆನ್‌ಬರ್ಗ್ 1975ರಲ್ಲಿ ತೋರಿಸಿದರು. ಹೆರಾಯಿನ್ ನಿಂತುಹೋದರೂ ಈ ಸರಿದೂಗಿಕೆ ಕೂಡಲೇ ನಿಲ್ಲುವುದಿಲ್ಲವಾದ್ದರಿಂದ ಆಕಳಿಕೆ, ಮೂಗು ಸೋರುವಿಕೆ, ಮೈ ನವಿರೇಳುವಿಕೆ, ಹೊಟ್ಟೆನೋವು, ಭೇದಿ ಮುಂತಾದ, ಮಾದಕದ ಪರಿಣಾಮಕ್ಕೆ ನೇರ ವಿರುದ್ಧವಾದ ತೊಂದರೆಗಳು ತಲೆದೋರುತ್ತವೆ.

ತಾಳಿಕೆಯನ್ನು ಕೋಶದ ಮಟ್ಟದಲ್ಲಷ್ಟೇ ವಿವರಿಸಿ ಮುಗಿಸಲಾಗದು ಎಂಬುದನ್ನು ಕೆನಡಾದ ಮನೋವಿಜ್ಞಾನಿ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗ ಸಾಬೀತುಪಡಿಸಿತು. ಈ ಕ್ಷೇತ್ರದಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಗಮನ ಇಂದಿಗೂ ಸಂದಿಲ್ಲ. ಅವರು ಇಲಿಗಳಿಗೆ ದಿನ ಬಿಟ್ಟು ದಿನ, ಏರುತ್ತ ಹೋಗುವ ಪ್ರಮಾಣದಲ್ಲಿ, ಒಂದು ನಿಶ್ಚಿತ ಪರಿಸರದಲ್ಲಿ ಹೆರಾಯಿನ್ ಚುಚ್ಚಿದರು. ನಡುವಿನ ದಿನಗಳಲ್ಲಿ ಬೇರೆ ಪರಿಸರದಲ್ಲಿ ಮಾದಕವಿಲ್ಲದ ದ್ರಾವಣವನ್ನು ಕೊಟ್ಟರು. ಕೊನೆಗೆ ಎಲ್ಲ ಇಲಿಗಳಿಗೂ ಕಿಲೋ ತೂಕಕ್ಕೆ 15 ಮಿಲಿಗ್ರಾಂನಂತೆ ದೊಡ್ಡ ಪ್ರಮಾಣವೊಂದನ್ನು ನೀಡಲಾಯಿತು. ಹೋಲಿಕೆಗೆಂದು ಇಟ್ಟಿದ್ದ, ಹಿಂದೆಂದೂ ಹೆರಾಯಿನ್ ಪಡೆಯದ ಇಲಿಗಳಲ್ಲಿ ಶೇ. 96ರಷ್ಟು ಸತ್ತವು, ಅಭ್ಯಾಸವಾಗಿದ್ದ ಜಾಗದಲ್ಲೇ ಪಡೆದವುಗಳಲ್ಲಿ ಸತ್ತದ್ದು ಶೇ. 32 ಮಾತ್ರ. ಅಷ್ಟೇ ಹೆರಾಯಿನ್ ಹಿಂದೆ ಪಡೆದಿದ್ದರೂ ಕೊನೆಯ ಚುಚ್ಚುಮದ್ದನ್ನು ಮಾದಕದ ಜೊತೆ ನಂಟಿಲ್ಲದ ಪರಿಸರದಲ್ಲಿ ಪಡೆದ ಇಲಿಗಳಲ್ಲಿ ಶೇ. 64ರಷ್ಟು ಸತ್ತವು. ಅಂದರೆ, ಪರಿಚಿತ ಕೋಣೆಯ ನೋಟ, ಸದ್ದು, ವಾಸನೆಗಳೇ ಮುನ್ಸೂಚನೆಯಾಗಿ, ಮಾದಕ ರಕ್ತಕ್ಕೆ ಸೇರುವ ಮೊದಲೇ ದೇಹ ಅದನ್ನು ಎದುರಿಸುವ ಸಿದ್ಧತೆ ಮಾಡಿಕೊಂಡಿರುತ್ತದೆ. ಸೂಚನೆಗಳಿಲ್ಲದೆಡೆ ಆ ಸಿದ್ಧತೆಯೂ ಇರುವುದಿಲ್ಲ. ತಾಳಿಕೆಯ ದೊಡ್ಡ ಪಾಲು ಕಲಿತದ್ದು ಮತ್ತು ಕಲಿತ ಜಾಗಕ್ಕೆ ಕಟ್ಟುಬಿದ್ದದ್ದು.

ಇದೇ ಸಿದ್ಧತೆ, ಮಾದಕ ಬಾರದೆ ಹೋದಾಗ ತುಡಿತವಾಗಿ ಅನುಭವಕ್ಕೆ ಬರುತ್ತದೆ. ಅಮೆರಿಕದ ಲೆಕ್ಸಿಂಗ್ಟನ್‌ನ ಸರ್ಕಾರಿ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಏಬ್ರಹಾಂ ವಿಕ್ಲರ್, ತಿಂಗಳುಗಟ್ಟಲೆ ಮಾದಕ ಮುಟ್ಟದ ರೋಗಿಗಳು ಗುಂಪಿನಲ್ಲಿ ಕುಳಿತು ಅದರ ಮಾತು ಎತ್ತಿದೊಡನೆ ಆಕಳಿಸುವುದನ್ನೂ ಮೂಗು ಒರೆಸಿಕೊಳ್ಳುವುದನ್ನೂ 1940ರ ದಶಕದಲ್ಲೇ ಗಮನಿಸಿ, ಅದು ಕಲಿತ ಪ್ರತಿಕ್ರಿಯೆ ಎಂದು ವಾದಿಸಿದ್ದರು. ಕಾಲ ಕಳೆದಂತೆ ತುಡಿತ ತಾನಾಗಿ ಆರಿಹೋಗುತ್ತದೆ ಎಂಬ ಸಾಮಾನ್ಯ ನಂಬಿಕೆಯನ್ನು 2001ರಲ್ಲಿ ಗ್ರಿಮ್, ಶಹಾಮ್ ಮತ್ತು ಸಹೋದ್ಯೋಗಿಗಳು ಅಲುಗಾಡಿಸಿದರು: ಕೊಕೇನ್ ನಿಲ್ಲಿಸಿದ ಇಲಿಗಳು ಅದರ ಸೂಚನೆ ಕಂಡಾಗ ಸನ್ನೆ ಒತ್ತುವ ಪ್ರವೃತ್ತಿ, ಮೊದಲ ದಿನಗಳಿಗಿಂತ ಒಂದೆರಡು ತಿಂಗಳ ನಂತರವೇ ತೀವ್ರವಾಗಿತ್ತು. ದೇಹದ ಸಂಕಟ ವಾರದೊಳಗೆ ಇಳಿದರೂ ಸೂಚನೆಗಳ ಸೆಳೆತ ಒಳಗೊಳಗೇ ಬಲಿಯುತ್ತದೆ ಎಂಬ ಈ ಶೋಧ, ರೋಗಿ ಚೇತರಿಸಿಕೊಂಡನೆಂದು ಮನೆಯವರು ನಿರಾಳರಾಗುವ ಹೊತ್ತನ್ನೇ ಅಪಾಯದ ಹೊತ್ತೆಂದು ಗುರುತಿಸುತ್ತದೆ.

ಪರಿಸರದ ಈ ಬಲಕ್ಕೆ ಮನುಷ್ಯರಲ್ಲಿ ದೊರೆತ ಅತ್ಯಂತ ಸ್ಪಷ್ಟ ಸಾಕ್ಷ್ಯ ವಿಯೆಟ್ನಾಂ ಯುದ್ಧದ್ದು. 1971ರಲ್ಲಿ ಮರಳಿದ ಅಮೆರಿಕನ್ ಸೈನಿಕರನ್ನು ಲೀ ರಾಬಿನ್ಸ್ ಅಧ್ಯಯನ ಮಾಡಿದಾಗ, ಅಲ್ಲಿದ್ದಾಗ ಸುಮಾರು ಐದರಲ್ಲೊಬ್ಬರು ಅಫೀಮು ವರ್ಗದ ಮಾದಕಗಳಿಗೆ ಅಂಟಿಕೊಂಡಿದ್ದುದು ತಿಳಿಯಿತು. ಆದರೆ ಹಾಗೆ ಅಂಟಿಕೊಂಡಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ಶೇ. 5ರ ಆಸುಪಾಸು. ಸೂಚನೆಗಳೆಲ್ಲ ಸಾಗರದಾಚೆ ಉಳಿದದ್ದು ಇದಕ್ಕಿರುವ ಏಕೈಕ ಕಾರಣವಲ್ಲ. ಮಾದಕ ಸುಲಭವಾಗಿ ಸಿಗದಿದ್ದುದು, ಯುದ್ಧದ ಒತ್ತಡ ಕಳೆದದ್ದು, ಕುಟುಂಬದ ಆಸರೆ ಎಲ್ಲವೂ ಸೇರಿದ್ದವು. ಬಳಸುತ್ತಿದ್ದ ಬೀದಿಗೇ ಆಸ್ಪತ್ರೆಯಿಂದ ಮರಳುವ ರೋಗಿಯ ಸ್ಥಿತಿ ಇದಕ್ಕೆ ತದ್ವಿರುದ್ಧ.

ಮರುಕಳಿಕೆ ಮಾರಕವಾಗುವುದು ಇಲ್ಲಿಯೇ. ಹಳೆಯ ಮಾದಕದ ಒಂದು ಸಣ್ಣ ಸೇವನೆ, ಅದರ ಸೂಚನೆ, ಮಾನಸಿಕ ಒತ್ತಡ, ಇವುಗಳಲ್ಲಿ ಯಾವುದೊಂದಾದರೂ ಬಿಟ್ಟ ಚಟವನ್ನು ಮತ್ತೆ ಕೆರಳಿಸಬಲ್ಲದು ಎಂಬುದು ಜೇನ್ ಸ್ಟುವರ್ಟ್ ಮತ್ತು ಸಂಗಡಿಗರ ಪ್ರಯೋಗಗಳಿಂದ ಸ್ಥಿರಪಟ್ಟಿದೆ. ಕೆಲವು ವಾರ ಬಿಟ್ಟಿದ್ದ ದೇಹದಲ್ಲಿ ತಾಳಿಕೆ ಇಳಿದಿರುತ್ತದೆ, ತುಡಿತ ಇಳಿದಿರುವುದಿಲ್ಲ. ಹಿಂದೆ ಒಗ್ಗಿದ್ದ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟವನ್ನು ನಡೆಸುವ ಮಿದುಳಕಾಂಡ ಸ್ತಬ್ಧವಾಗಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದವರಲ್ಲಿ, ಮೊದಲ ಎರಡು ವಾರಗಳ ಅವಧಿಯಲ್ಲಿ ಮಿತಿಮೀರಿದ ಮಾದಕದಿಂದ ಸಾಯುವ ಅಪಾಯ ಉಳಿದ ನಿವಾಸಿಗಳಿಗಿಂತ 129 ಪಟ್ಟು ಹೆಚ್ಚೆಂದು 2007ರ ಅಧ್ಯಯನ ಲೆಕ್ಕಹಾಕಿತು.

ಸೂಚನೆಗಳನ್ನು ಮಾದಕವಿಲ್ಲದೆ ಮತ್ತೆಮತ್ತೆ ತೋರಿಸಿ ಅವುಗಳ ಶಕ್ತಿಯನ್ನು ಕುಂದಿಸುವ ಚಿಕಿತ್ಸೆಯನ್ನು ಈ ತಿಳಿವಿನ ಆಧಾರದ ಮೇಲೆಯೇ ಪ್ರಯತ್ನಿಸಲಾಯಿತು. ಫಲ ಸೀಮಿತವಾಗಿತ್ತು, ಏಕೆಂದರೆ ಚಿಕಿತ್ಸಾಲಯದ ಕೋಣೆಯಲ್ಲಿ ಕಲಿತದ್ದು ಆ ಕೋಣೆಗೇ ಸೀಮಿತವಾಗಿ, ಹಳೆಯ ನೆನಪು ಅಳಿಯದೆ ಅದರ ಪಕ್ಕದಲ್ಲಿ ಹೊಸದೊಂದು ಕೂರುತ್ತದೆಯಷ್ಟೆ. ಇದಕ್ಕೆ ವ್ಯತಿರಿಕ್ತವಾಗಿ, 1960ರ ದಶಕದಲ್ಲಿ ಡೋಲ್ ಮತ್ತು ನೈಸ್ವಾಂಡರ್ ನ್ಯೂಯಾರ್ಕಿನಲ್ಲಿ ಆರಂಭಿಸಿದ ಮೆಥಡೋನ್ ಪದ್ಧತಿಯೂ, ನಂತರ ಬಂದ ಬ್ಯುಪ್ರೆನಾರ್ಫಿನ್ ಗುಳಿಗೆಯೂ ನೆನಪಿನ ಗೊಡವೆಗೆ ಹೋಗದೆ, ದೀರ್ಘಕಾಲ ಉಳಿಯುವ ಔಷಧದಿಂದ ಅದೇ ಗ್ರಾಹಕಗಳನ್ನು ತುಂಬಿಟ್ಟು, ತುಡಿತವನ್ನು ತಗ್ಗಿಸಿ ತಾಳಿಕೆಯನ್ನು ಉಳಿಸುತ್ತವೆ. ಒಂದು ಮಾದಕದ ಬದಲಿಗೆ ಇನ್ನೊಂದು ಎಂಬ ಆಕ್ಷೇಪ ಇವುಗಳ ಬಗ್ಗೆ ಆಗಾಗ ಕೇಳಿಬಂದರೂ, ಔಷಧ ಮುಂದುವರಿಸಿದವರಲ್ಲಿ ಸಾವು ಕಡಿಮೆಯೆಂಬುದನ್ನು ಹಲವು ದೇಶಗಳ ಅಧ್ಯಯನಗಳು ಖಚಿತಪಡಿಸಿವೆ. ಚಿಕಿತ್ಸೆಯನ್ನು ಥಟ್ಟನೆ ನಿಲ್ಲಿಸಿದ ಮೊದಲ ವಾರಗಳಲ್ಲಿ ಸಾವಿನ ಪ್ರಮಾಣ ಮತ್ತೆ ಏರುತ್ತದೆ.