ಫಸಲಿ ವರ್ಷವನ್ನು ಓದುವ ಬಗೆ: ಸೇಡಂ–ಚಿತ್ತಾಪುರ ಭಾಗದ ಹಳೆಯ ದಾಖಲೆಗಳ ಕಾಲನಿರ್ಣಯ

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ನಿಜಾಮ್ ಕಾಲದ ಪಹಣಿ, ಸೇತ್ವಾರ್, ಕ್ರಯಪತ್ರಗಳಲ್ಲಿ ಕಾಣುವ ಫಸಲಿ ಅಂಕಿಗೆ 590 ಕೂಡಿಸಿ ಇಸವಿ ಬರೆಯುವುದು ರೂಢಿ. ಈ ಲೆಕ್ಕ ವರ್ಷದ ಮೊದಲ ಮೂರು ತಿಂಗಳಿಗೆ ಮಾತ್ರ ಹೊಂದುತ್ತದೆ. ಹೈದರಾಬಾದ್ ಸಂಸ್ಥಾನದ ಕೊನೆಯ ದಶಕಗಳಲ್ಲಿ ಫಸಲಿ ವರ್ಷ ಅಕ್ಟೋಬರ್ 6ರ ಸುಮಾರಿಗೆ, ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ಆಜೂರ್, ದೈ, ಬಹಮನ್ ಕಳೆಯುವ ಹೊತ್ತಿಗೆ ಇಸವಿ ಬದಲಾಗಿರುತ್ತದೆ. ಅಲ್ಲಿಂದ ಮುಂದೆ 591 ಕೂಡಿಸಬೇಕು. ಆದ್ದರಿಂದ ಇಸವಿಯನ್ನು ನಿರ್ಧರಿಸುವುದು ಅಂಕಿಯೊಂದೇ ಅಲ್ಲ, ತಿಂಗಳ ಹೆಸರೂ ಹೌದು ಎಂಬುದು ಈ ಲೇಖನದ ವಾದ. 

ಸೇಡಂನ ಕ್ರಯಪತ್ರವೊಂದರಲ್ಲಿ ‘15 ಅರ್ದಿಬೆಹಿಷ್ತ್ 1350 ಫಸಲಿ’ ಎಂದಿದೆ ಎಂದುಕೊಳ್ಳೋಣ. ಇರಾನಿನ ಪಂಚಾಂಗದಲ್ಲಿ ಅದು ಎರಡನೆಯ ತಿಂಗಳು. ಹೈದರಾಬಾದಿನ ಕ್ರಮದಲ್ಲಿ ಆರನೆಯದು. 1350ನೇ ಫಸಲಿ 1940ರ ಅಕ್ಟೋಬರ್‌ನಲ್ಲಿ ಆರಂಭವಾದ್ದರಿಂದ ಪತ್ರ 1941ರ ಮಾರ್ಚ್ ತಿಂಗಳ ನಡುವಿನದು, 1940ರದಲ್ಲ. ತಿಂಗಳುಗಳ ದಿನಸಂಖ್ಯೆ ಒಂದೇ ಸಮವಿಲ್ಲ. ಹೀಗಾಗಿ ಖಚಿತ ದಿನಕ್ಕೆ ಆ ಕಾಲದ ಜಂತ್ರಿಯನ್ನೇ ನೋಡಬೇಕು. ಇಸವಿಯನ್ನು ಮಾತ್ರ ಪತ್ರದೊಳಗೇ ತಾಳೆ ನೋಡಬಹುದು. ಕನ್ನಡ ಒಕ್ಕಣೆಯಲ್ಲಿ ವಿಕ್ರಮ ಸಂವತ್ಸರದ ಫಾಲ್ಗುಣ ಎಂದೋ, ಉರ್ದು ಒಕ್ಕಣೆಯಲ್ಲಿ ಹಿಜರಿ 1360ರ ಸಫರ್ ಎಂದೋ ಇದ್ದರೆ 1941 ಗಟ್ಟಿಯಾಗುತ್ತದೆ. 1940ರ ಮಾರ್ಚ್ ಆಗಿದ್ದರೆ ಪ್ರಮಾಥಿ ಸಂವತ್ಸರ, ಹಿಜರಿ 1359 ಇರಬೇಕಿತ್ತು.

ಫಸಲಿ ಕಂದಾಯದ ವರ್ಷ, ಅದು ಎಲ್ಲೆಡೆ ಒಂದೇ ಎಂಬ ಆಕ್ಷೇಪ ಬರಬಹುದು. ಆದರೆ ಮದ್ರಾಸ್ ಪ್ರಾಂತ್ಯದಲ್ಲಿ 1855ರಿಂದ ಫಸಲಿ ಜುಲೈ 1ಕ್ಕೆ ಆರಂಭವಾಗುತ್ತಿತ್ತು. ಹೀಗಾಗಿ 1930ರ ಆಗಸ್ಟ್ ಬಳ್ಳಾರಿಯ ಕಾಗದದಲ್ಲಿ 1340, ಸೇಡಂನ ಕಾಗದದಲ್ಲಿ ಇನ್ನೂ 1339. ವಾಡಿ, ಶಹಾಬಾದ್ ಹಾದು ಹೋಗುವ ರೈಲುಮಾರ್ಗದ ಇಂಗ್ಲಿಷ್ ಕಾಗದಪತ್ರಗಳನ್ನು ಊರಿನ ಕಂದಾಯ ದಾಖಲೆಯೊಂದಿಗೆ ಜೋಡಿಸುವಾಗಲೂ ಈ ಎಚ್ಚರ ಬೇಕು.

ಒಂದು ವರ್ಷದ ವ್ಯತ್ಯಾಸಕ್ಕೆ ಇಷ್ಟು ಮಹತ್ವವೇ ಎಂಬುದು ಇನ್ನೊಂದು ಆಕ್ಷೇಪ. ಜಾಗೀರು ರದ್ದತಿಯ ನಿಯಮ 1358ನೇ ಫಸಲಿಯದು. ಅದು ಹೊರಬಿದ್ದದ್ದು 1949ರ ಆಗಸ್ಟ್ 15ರಂದು. 590 ಮಾತ್ರ ಕೂಡಿಸಿದರೆ ಅದು 1948ರ ಆಗಸ್ಟ್ ಆಗುತ್ತದೆ, ಅಂದರೆ ಆ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಗೂ ಮೊದಲು. ಭಾರತದ ಆಡಳಿತ ರದ್ದುಮಾಡಿದ ಜಾಗೀರುಗಳನ್ನು ನಿಜಾಮ ಸರ್ಕಾರವೇ ರದ್ದುಮಾಡಿತೆಂದು ಬರೆದಂತಾಗುತ್ತದೆ. ತಿಂಗಳ ಹೆಸರಿಲ್ಲದೆ ಬರೀ ಫಸಲಿ ಅಂಕಿ ಇದ್ದಲ್ಲಿ ಸಂಶೋಧಕರು ಒಂದೇ ಇಸವಿ ಕೊಡದೆ ‘1948–49’ ಎಂಬಂತೆ ಎರಡನ್ನೂ ಬರೆಯುವುದೇ ಸರಿಯಾದ ಕ್ರಮ.