ವಿಡಿಯೋ ಎಲ್ಲಿಯದು, ಎಷ್ಟು ಹೊತ್ತಿನದು? ಬೆಟ್ಟ, ಬೋರ್ಡ್ ಮತ್ತು ನೆರಳು ಹೇಳುವ ಸುಳಿವುಗಳು

2018ರ ಜುಲೈನಲ್ಲಿ ಒಂದು ಭೀಕರ ವಿಡಿಯೋ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ಸೈನಿಕರು ಇಬ್ಬರು ಮಹಿಳೆಯರನ್ನೂ ಇಬ್ಬರು ಮಕ್ಕಳನ್ನೂ ಮಣ್ಣಿನ ದಾರಿಯಲ್ಲಿ ಕರೆದೊಯ್ದು ಗುಂಡಿಕ್ಕಿ ಕೊಲ್ಲುವ ದೃಶ್ಯ ಅದರಲ್ಲಿತ್ತು. ಇದು ಆಫ್ರಿಕಾದ ಕ್ಯಾಮರೂನ್ ದೇಶದ್ದು ಎಂದು ಕೆಲವರು ಹೇಳಿದರೆ, ಅಲ್ಲಿನ ಸರ್ಕಾರ ಇದು ಸುಳ್ಳು ಸುದ್ದಿ ಎಂದು ತಳ್ಳಿಹಾಕಿತು. ವಿಡಿಯೋದಲ್ಲಿ ದಿನಾಂಕವಿಲ್ಲ, ಊರಿನ ಬೋರ್ಡ್ ಇಲ್ಲ. ಹಾಗಿದ್ದರೂ ಬಿಬಿಸಿ ಆಫ್ರಿಕಾ ಐ ತಂಡ ಅದರ ಜಾಗವನ್ನೂ ದಿನಗಳನ್ನೂ ಪತ್ತೆಹಚ್ಚಿತು. ಹೇಗೆ ಎಂಬುದನ್ನು ನೋಡೋಣ.

ಮೊದಲು ಹುಡುಕಿದ್ದು ಜಾಗವನ್ನು. ವಿಡಿಯೋದ ಆರಂಭದಲ್ಲಿ ದೂರದ ಬೆಟ್ಟಸಾಲು ಕಾಣುತ್ತದೆ. ಮನೆ ಬೀಳಬಹುದು, ಮರ ಕಡಿಯಬಹುದು, ಆದರೆ ಬೆಟ್ಟದ ಏರಿಳಿತದ ರೇಖೆ ಬದಲಾಗುವುದಿಲ್ಲ. ಆ ರೇಖೆಯನ್ನು ಗೂಗಲ್ ಅರ್ಥ್‌ನಲ್ಲಿ ಕಾಣುವ ಬೆಟ್ಟಗಳ ಜೊತೆ ಹೋಲಿಸುತ್ತಾ ಹೋದಾಗ, ಉತ್ತರ ಕ್ಯಾಮರೂನ್‌ನ ಝೆಲೆವೆಟ್ ಎಂಬ ಊರಿನ ಹತ್ತಿರ ಅದು ಸರಿಯಾಗಿ ಕೂಡಿಕೊಂಡಿತು. ಆಮೇಲೆ ದಾರಿ, ಮನೆ, ಮರಗಳನ್ನೂ ಒಂದೊಂದಾಗಿ ತಾಳೆ ನೋಡಿದರು. ಒಂದು ಬೆಟ್ಟ ಹೋಲುತ್ತದೆ ಎಂದ ಮಾತ್ರಕ್ಕೆ ಜಾಗ ಸಿಕ್ಕಿತು ಎನ್ನುವಂತಿಲ್ಲ.

ಜಾಗ ಸಿಕ್ಕ ಮೇಲೆ ಕಾಲ. ಬೇರೆ ಬೇರೆ ವರ್ಷಗಳ ಉಪಗ್ರಹ ಚಿತ್ರಗಳಲ್ಲಿ ವಿಡಿಯೋದಲ್ಲಿದ್ದ ಕಟ್ಟಡಗಳು ಯಾವಾಗ ಇದ್ದವು, ಯಾವಾಗ ಇರಲಿಲ್ಲ ಎಂದು ನೋಡಿ ವರ್ಷಗಳನ್ನು ಕಿರಿದಾಗಿಸಿದರು. ಆ ಕಾಲುದಾರಿ ಒಣ ಬೇಸಿಗೆಯಲ್ಲಿ ಮಾತ್ರ ಕಾಣುತ್ತಿತ್ತು. ಕೊನೆಗೆ, ನಡೆಯುತ್ತಿದ್ದ ಸೈನಿಕರ ನೆರಳಿನಿಂದ ಸೂರ್ಯನ ಕೋನವನ್ನು ಲೆಕ್ಕಹಾಕಿದರು. ಬಂದ ಉತ್ತರ: 2015ರ ಮಾರ್ಚ್ 20ರಿಂದ ಏಪ್ರಿಲ್ 5ರ ನಡುವೆ.

ನೆರಳಿನ ಲೆಕ್ಕ ಕಷ್ಟದ್ದಲ್ಲ. ಕಂಬದ ನೆರಳು ಕಂಬದಷ್ಟೇ ಉದ್ದವಿದ್ದರೆ ಸೂರ್ಯ ಆಕಾಶದಲ್ಲಿ 45 ಡಿಗ್ರಿ ಎತ್ತರದಲ್ಲಿದ್ದಾನೆ ಎಂದರ್ಥ. ಮಾರ್ಚ್ 21ರಂದು ಬೆಂಗಳೂರಿನಲ್ಲಿ ಹೀಗಾಗುವುದು ಎರಡು ಬಾರಿ: ಬೆಳಿಗ್ಗೆ ಸುಮಾರು 9.30ಕ್ಕೆ, ಮಧ್ಯಾಹ್ನ ಸುಮಾರು 3.20ಕ್ಕೆ. ಯಾವುದು ಸರಿ ಎಂದು ತಿಳಿಯಲು ನೆರಳಿನ ದಿಕ್ಕು ಬೇಕು. ಪಶ್ಚಿಮದ ಕಡೆ ಬಿದ್ದಿದ್ದರೆ ಬೆಳಿಗ್ಗೆ, ಪೂರ್ವದ ಕಡೆ ಬಿದ್ದಿದ್ದರೆ ಮಧ್ಯಾಹ್ನ. ವಿಡಿಯೋದಲ್ಲಿ ಪೂರ್ವ ಯಾವುದು ಎಂದು ತಿಳಿಯಬೇಕಾದರೆ ಆ ರಸ್ತೆ ಯಾವುದೆಂದು ಮೊದಲು ಗೊತ್ತಿರಬೇಕು. ಅದಕ್ಕೇ ಜಾಗ ಮೊದಲು, ಸಮಯ ಆಮೇಲೆ. SunCalc ಎಂಬ ವೆಬ್‌ಸೈಟ್‌ನಲ್ಲಿ ಜಾಗ ಮತ್ತು ದಿನಾಂಕ ಕೊಟ್ಟರೆ, ಯಾವ ಗಂಟೆಗೆ ನೆರಳು ಎತ್ತ ಬೀಳುತ್ತದೆ ಎಂದು ನಕ್ಷೆಯ ಮೇಲೆಯೇ ತೋರಿಸುತ್ತದೆ.

ದಿನಾಂಕದಲ್ಲೂ ಇದೇ ತೊಡಕಿದೆ. ಮಾರ್ಚ್ ಕೊನೆಯ ಸೂರ್ಯನ ದಾರಿ ಸೆಪ್ಟೆಂಬರ್‌ನಲ್ಲಿ ಮತ್ತೆ ಬರುತ್ತದೆ. ನೆರಳೊಂದನ್ನೇ ನಂಬಿದ್ದರೆ ಕ್ಯಾಮರೂನ್ ವಿಡಿಯೋಗೂ ಎರಡು ಉತ್ತರ ಬರುತ್ತಿತ್ತು. ಸೆಪ್ಟೆಂಬರ್ ಅಲ್ಲಿ ಮಳೆಗಾಲ. ಬೇಸಿಗೆಯಲ್ಲಷ್ಟೇ ಕಾಣುವ ಆ ಕಾಲುದಾರಿ ಅದನ್ನು ಹೊರಗಿಟ್ಟಿತು.

ನಿಮಗೆ ಬಂದ ಫಾರ್ವರ್ಡ್‌ನ ಸಮಯವನ್ನು ನಿಖರವಾಗಿ ಕಂಡುಹಿಡಿಯುವ ಅಗತ್ಯ ಬಹಳ ಸಲ ಇರುವುದೇ ಇಲ್ಲ. ಅದರ ಜೊತೆ ಬಂದ ಮಾತು ಸಾಧ್ಯವೇ ಎಂದು ನೋಡಿದರೆ ಸಾಕು. "ಇವತ್ತು ನಡುಮಧ್ಯಾಹ್ನ ನಡೆದದ್ದು" ಎನ್ನುವ ವಿಡಿಯೋದಲ್ಲಿ ಜನರ ನೆರಳು ಅವರ ಎತ್ತರದ ಎರಡರಷ್ಟಿದ್ದರೆ, ಕರ್ನಾಟಕದಲ್ಲಿ ಅದು ಯಾವ ತಿಂಗಳಲ್ಲೂ ಸಾಧ್ಯವಿಲ್ಲ. ಇನ್ನೊಂದು ಸ್ವಾರಸ್ಯವಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ದೆಹಲಿಯಲ್ಲಿ ಅದು ವರ್ಷವಿಡೀ ಉತ್ತರಕ್ಕೇ.

ನೆರಳನ್ನು ಅಳೆಯುವಾಗ ಎಚ್ಚರ ಬೇಕು. ಇಳಿಜಾರಿನಲ್ಲಿ ನೆರಳಿನ ಉದ್ದ ಬದಲಾಗುತ್ತದೆ. ಕ್ಯಾಮೆರಾದ ಕಡೆಗೆ ಅಥವಾ ಕ್ಯಾಮೆರಾದಿಂದ ಆಚೆಗೆ ಚಾಚಿದ ನೆರಳು ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಒಬ್ಬರಿಗೇ ಎರಡು ಮೂರು ನೆರಳಿದ್ದರೆ ಅದು ಸೂರ್ಯನದಲ್ಲ, ದೀಪಗಳದ್ದು.

ಬೋರ್ಡ್ ಇದ್ದರೆ ಕೆಲಸ ಸುಲಭ, ಆದರೆ ಎಲ್ಲ ಬೋರ್ಡೂ ಒಂದೇ ಅಲ್ಲ. ಬಸ್ಸಿನ ಮೇಲೆ "ಧಾರವಾಡ" ಎಂದಿದ್ದರೆ ಅದು ಬಸ್ಸು ಹೋಗುವ ಊರು, ವಿಡಿಯೋ ತೆಗೆದ ಊರಲ್ಲ. KA ನಂಬರಿನ ಲಾರಿ ಗುಜರಾತಿನಲ್ಲೂ ಓಡಾಡುತ್ತದೆ. ನಾವು ಹೆಚ್ಚು ನಂಬುವುದು ಅಂಗಡಿ ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿರುವ ವಿಳಾಸ ಮತ್ತು ಫೋನ್ ನಂಬರನ್ನು: 0821 ಎಂದಿದ್ದರೆ ಮೈಸೂರು, 0824 ಎಂದಿದ್ದರೆ ಮಂಗಳೂರು. ಆ ಹೆಸರನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಹುಡುಕಿ ಪಕ್ಕದ ಅಂಗಡಿಗಳೂ ಹೊಂದುತ್ತವೆಯೇ ನೋಡಿ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಯಾರೋ ವಿಡಿಯೋವನ್ನೇ ತಿರುಗಿಸಿದ್ದಾರೆ. ಆಗ ಅದನ್ನು ಸರಿಪಡಿಸಿಕೊಳ್ಳದೆ ನೆರಳು ನೋಡಿದರೆ ಬೆಳಿಗ್ಗೆ ಮಧ್ಯಾಹ್ನವಾಗಿಬಿಡಬಹುದು.

ಕ್ಯಾಮರೂನ್ ಪ್ರಕರಣದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೇನಾ ನ್ಯಾಯಾಲಯ ನಾಲ್ವರು ಸೈನಿಕರಿಗೆ 10 ವರ್ಷ ಜೈಲು ಶಿಕ್ಷೆ ವಿಧಿಸಿತು.